ಮೂರು ಸಾವಿರದ ರೂಮ್ ವ್ಯತ್ಯಾಸ, ಐವತ್ತೇಳು ಸಾವಿರದ ಬಿಲ್: ರೂಮ್ ರೆಂಟ್ ಲಿಮಿಟ್ ಅಂದ್ರೇನು?

ಇವತ್ತಿನ ಸಂಚಿಕೆ ಒಂದು ವಾಯ್ಸ್ ಮೆಸೇಜ್‌ನಿಂದ ಹುಟ್ಟಿದ್ದು. ದಾವಣಗೆರೆಯ ಕೇಳುಗರೊಬ್ಬರು ಕಳಿಸಿದ್ದಾರೆ. ಗಂಡ, ಹೆಂಡತಿ, ಮೂರು ವರ್ಷದ ಮಗಳು. ಮೊದಲ ಸಲ ಫ್ಯಾಮಿಲಿ ಫ್ಲೋಟರ್ ತಗೋತಾ ಇದ್ದಾರೆ. ಎರಡು ಪಾಲಿಸಿ ಶಾರ್ಟ್‌ಲಿಸ್ಟ್ ಮಾಡಿದ್ದಾರೆ, ಎರಡೂ 5 ಲಕ್ಷದ ಕವರ್. ಒಂದಕ್ಕೆ ವರ್ಷಕ್ಕೆ 14,800 ರೂಪಾಯಿ, ಇನ್ನೊಂದಕ್ಕೆ 12,300. "ಕವರ್ ಎರಡರಲ್ಲೂ ಅಷ್ಟೇ ಇದೆ ಅಂದ್ಮೇಲೆ ಕಮ್ಮಿ ರೇಟಿಂದು ತಗೊಂಡ್ರೆ ಸಾಕಲ್ವಾ ಬ್ರೋ?" ಅಂತ ಕೇಳಿದ್ದಾರೆ.

ಎರಡರ ವಿವರವನ್ನೂ ಕಳಿಸಿದ್ರು, ನೋಡಿದೆ. ಕಮ್ಮಿ ರೇಟಿನ ಪಾಲಿಸಿಯಲ್ಲಿ ಒಂದು ಸಾಲು ಇದೆ: ರೂಮ್ ರೆಂಟ್, ದಿನಕ್ಕೆ ಸಮ್ ಇನ್ಶೂರ್ಡ್‌ನ ಶೇ. 1ರವರೆಗೆ. ಅಂದ್ರೆ 5 ಲಕ್ಷಕ್ಕೆ ದಿನಕ್ಕೆ 5,000 ರೂಪಾಯಿ. ಜಾಸ್ತಿ ರೇಟಿನದ್ರಲ್ಲಿ "ಸಿಂಗಲ್ ಪ್ರೈವೇಟ್ ಎಸಿ ರೂಮ್" ಅಂತಿದೆ, ರೂಪಾಯಿ ಲೆಕ್ಕ ಇಲ್ಲ. ಆ 2,500 ರೂಪಾಯಿ ವ್ಯತ್ಯಾಸ ಹೆಚ್ಚುಕಮ್ಮಿ ಈ ಒಂದು ಸಾಲಿನದ್ದೇ.

ಇದನ್ನ ಓದಿದ ಯಾರಿಗಾದ್ರೂ ಸಹಜವಾಗಿ ಅನ್ಸೋದು ಏನು? 8,000 ರೂಪಾಯಿ ರೂಮ್ ತಗೊಂಡ್ರೆ ಮೇಲಿನ 3,000 ನಾನು ಕೊಡ್ತೀನಿ, ನಾಲ್ಕು ದಿನಕ್ಕೆ 12,000, ಹೋಗ್ಲಿ ಬಿಡು ಅಂತ. ಅಲ್ಲೇ ಎಡವೋದು. ಕಡಿತ ಬರೀ ರೂಮ್ ಬಾಡಿಗೆಗೆ ನಿಲ್ಲಲ್ಲ, ಬಿಲ್‌ನ ಬೇರೆ ಸಾಲುಗಳಿಗೂ ಹರಡತ್ತೆ. ಇದಕ್ಕೇ ಪ್ರೊಪೋರ್ಷನೇಟ್ ಡಿಡಕ್ಷನ್ ಅನ್ನೋದು. ಕನ್ನಡದಲ್ಲಿ ಅನುಪಾತದ ಕಡಿತ ಅನ್ನೋಣ.

ಯಾಕೆ ಹೀಗೆ? ಕಂಪನಿಯವರ ಬರೀ ತರಲೆ ಅಲ್ಲ ಇದು. ದೊಡ್ಡ ಖಾಸಗಿ ಆಸ್ಪತ್ರೆಗಳ ದರಪಟ್ಟಿ ನೋಡಿದ್ರೆ ಗೊತ್ತಾಗತ್ತೆ. ಜನರಲ್ ವಾರ್ಡ್, ಟ್ವಿನ್ ಶೇರಿಂಗ್, ಸಿಂಗಲ್, ಡೀಲಕ್ಸ್ ಅಂತ ಕಾಲಂಗಳಿರ್ತವೆ. ಅದೇ ಸರ್ಜನ್, ಅದೇ ಆಪರೇಷನ್, ಅದೇ ಥಿಯೇಟರ್. ಆದ್ರೆ ಜನರಲ್ ವಾರ್ಡ್ ಪೇಶೆಂಟ್‌ಗೆ ಒಂದು ಫೀಸು, ಸಿಂಗಲ್ ರೂಮ್ ಪೇಶೆಂಟ್‌ಗೆ ಇನ್ನೊಂದು. ರೂಮ್ ಮೇಲೆ ಹೋದಂಗೆ ಉಳಿದ ರೇಟೂ ಏರತ್ತೆ. ಹಾಗಾಗಿ ವಿಮಾ ಕಂಪನಿ ಹೇಳೋದು: ನೀವು 5,000ದ ರೂಮ್‌ಗೆ ಅರ್ಹರು, 8,000ದ್ದು ತಗೊಂಡ್ರಿ, ಅದರಿಂದ ಏರಿದ ಬೇರೆ ಖರ್ಚನ್ನೂ ಅದೇ ಅನುಪಾತದಲ್ಲಿ ಕತ್ತರಿಸ್ತೀವಿ.

ಲೆಕ್ಕದ ಸೂತ್ರ ಸಿಂಪಲ್. ಅರ್ಹ ಬಾಡಿಗೆ ಭಾಗಿಸು ನಿಜವಾದ ಬಾಡಿಗೆ. 5,000 ÷ 8,000 ಅಂದ್ರೆ ಶೇ. 62.5. ಈ ನಂಬರ್ ನೆನಪಿಟ್ಕೊಳ್ಳಿ.

ಈಗ ಒಂದು ಬಿಲ್ ಹಾಕೋಣ. ಅಂಕಿಗಳು ಉದಾಹರಣೆಗೆ ನಾನೇ ಹಾಕಿದ್ದು. ನಮ್ಮ ಕೇಳುಗರ ಹೆಂಡತಿಗೆ ಪಿತ್ತಕೋಶದ ಕಲ್ಲು, ಲ್ಯಾಪ್ರೋಸ್ಕೋಪಿ ಆಪರೇಷನ್, ನಾಲ್ಕು ದಿನ ಆಸ್ಪತ್ರೆ. ರೂಮ್ ದಿನಕ್ಕೆ 8,000, ಒಟ್ಟು 32,000. ಸರ್ಜನ್ ಫೀಸ್ 60,000, ಅನಸ್ತೇಶಿಯಾ ಡಾಕ್ಟರ್‌ದು 20,000, ಓಟಿ ಚಾರ್ಜ್ 30,000, ಡಾಕ್ಟರ್ ವಿಸಿಟ್ 10,000. ಈ ನಾಲ್ಕೂ ಸೇರಿ 1,20,000. ಔಷಧಿ 38,000, ಸ್ಕ್ಯಾನು ಮತ್ತು ರಕ್ತ ಪರೀಕ್ಷೆ 22,000, ಎರಡೂ ಸೇರಿ 60,000. ಒಟ್ಟು ಬಿಲ್ 2,12,000.

ಕಂಪನಿ ಏನು ಕೊಡತ್ತೆ? ರೂಮ್‌ಗೆ ದಿನಕ್ಕೆ 5,000ದಂತೆ 20,000. ಆ 1,20,000ಕ್ಕೆ ಶೇ. 62.5, ಅಂದ್ರೆ 75,000. ಔಷಧಿ ಮತ್ತು ಟೆಸ್ಟ್‌ನ 60,000 ಪೂರ್ತಿ. ಒಟ್ಟು 1,55,000. ನಮ್ಮ ಜೇಬಿಂದ 57,000. ಅದರಲ್ಲಿ ರೂಮ್‌ನ ವ್ಯತ್ಯಾಸ ಬರೀ 12,000, ಉಳಿದ 45,000 ಅನುಪಾತದ ಕಡಿತ. ಗಮನಿಸಿ, 5 ಲಕ್ಷದ ಕವರ್‌ನಲ್ಲಿ ಅರ್ಧವೂ ಖರ್ಚಾಗಿಲ್ಲ. ಕವರ್ ಸಾಲದೇ ದುಡ್ಡು ಹೋಗಿದ್ದಲ್ಲ, ರೂಮ್ ಬಾಗಿಲಲ್ಲಿ ಹೋಗಿದ್ದು. ಪ್ರೀಮಿಯಂನಲ್ಲಿ ವರ್ಷಕ್ಕೆ 2,500 ಉಳಿಸಿದ್ರೂ ಈ ಒಂದು ಕ್ಲೇಮ್‌ನ ನಷ್ಟ ತುಂಬೋಕೆ ಇಪ್ಪತ್ತೆರಡು ವರ್ಷದ ಮೇಲೆ ಬೇಕು.

ಔಷಧಿ, ಟೆಸ್ಟ್‌ಗೆ ಯಾಕೆ ಕಡಿತ ಹಾಕಿಲ್ಲ ಅಂತ ಕೇಳ್ಬಹುದು. ಮೊದಲು ಎಷ್ಟೋ ಕಂಪನಿಗಳು ಇಡೀ ಬಿಲ್ ಮೇಲೇ ಕತ್ತರಿ ಹಾಕ್ತಾ ಇದ್ವು. 2020ರ ಜೂನ್‌ನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಒಂದು ಗೆರೆ ಎಳೀತು. ಅನುಪಾತದ ಕಡಿತ "ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್" ಅಂತ ಪಾಲಿಸಿಯಲ್ಲಿ ವಿವರಿಸಿದ ಖರ್ಚಿಗೆ ಮಾತ್ರ ಹಾಕಬೇಕು. ಔಷಧಿ ಮತ್ತು ಕನ್ಸ್ಯೂಮಬಲ್ಸ್, ಇಂಪ್ಲಾಂಟ್ ಮತ್ತು ಉಪಕರಣ, ಡಯಾಗ್ನೋಸ್ಟಿಕ್ಸ್, ಇವು ಆ ಪಟ್ಟಿಯೊಳಗೆ ಬರೋ ಹಾಗಿಲ್ಲ. ಐಸಿಯು ಚಾರ್ಜ್ ಮೇಲೂ ಅನುಪಾತದ ಕಡಿತ ಇಲ್ಲ. ಇನ್ನೊಂದು ಮಾತೂ ಅದರಲ್ಲಿದೆ, ಬಹಳ ಜನಕ್ಕೆ ಗೊತ್ತಿಲ್ಲ: ರೂಮ್ ನೋಡಿ ರೇಟ್ ಬದಲಾಯಿಸದ ಆಸ್ಪತ್ರೆಯಾಗಿದ್ರೆ ಈ ಕಡಿತ ಹಾಕುವ ಹಾಗೇ ಇಲ್ಲ. ಸಣ್ಣ ಊರಿನ ನರ್ಸಿಂಗ್ ಹೋಮ್‌ಗಳಲ್ಲಿ ಸರ್ಜನ್ ಫೀಸ್ ಎಲ್ಲ ರೂಮ್‌ಗೂ ಒಂದೇ ಇರೋದುಂಟು. ಅಲ್ಲಿ "ನಮ್ಮಲ್ಲಿ ರೂಮ್ ಪ್ರಕಾರ ದರ ಬದಲಾಗಲ್ಲ" ಅಂತ ಲೆಟರ್‌ಹೆಡ್ ಮೇಲೆ ಒಂದು ಪತ್ರ ಬರೆಸಿಕೊಂಡ್ರೆ ನಮ್ಮ ಉದಾಹರಣೆಯ ಆ 45,000 ಕೇಳೋಕೆ ಗಟ್ಟಿ ಆಧಾರ ಆಗತ್ತೆ. ರೂಮ್‌ನ 12,000 ಮಾತ್ರ ಹೇಗಿದ್ರೂ ನಮ್ಮದೇ.

ಸರಿ, ಹೋಲಿಕೆ ಮಾಡೋವಾಗ ಏನು ನೋಡ್ಬೇಕು? ಜಾಹೀರಾತಿನ ಬ್ರೋಷರ್ ಬಿಡಿ. ಕಂಪನಿ ವೆಬ್‌ಸೈಟ್‌ನಿಂದ ಪಾಲಿಸಿ ವರ್ಡಿಂಗ್ಸ್ ಪಿಡಿಎಫ್ ಇಳಿಸಿಕೊಳ್ಳಿ. ಫೋನಲ್ಲೇ ಓಪನ್ ಮಾಡಿ Room Rent ಅಂತ ಸರ್ಚ್ ಮಾಡಿ, ಆಮೇಲೆ Proportionate, ಆಮೇಲೆ Associated Medical Expenses. ಹತ್ತು ನಿಮಿಷದ ಕೆಲಸ. ನಲವತ್ತು ಪುಟ ಓದೋ ತಾಳ್ಮೆ ನನಗೂ ಇಲ್ಲ, ನಿಮಗೂ ಬೇಡ.

ಮೊದಲು ಮಿತಿ ಯಾವ ಭಾಷೆಯಲ್ಲಿದೆ ನೋಡಿ. ರೂಪಾಯಿಯಲ್ಲಿ ಇದ್ರೆ ಅದು ಅಲ್ಲೇ ನಿಂತಿರತ್ತೆ, ಆಸ್ಪತ್ರೆ ಬಾಡಿಗೆ ವರ್ಷ ವರ್ಷ ಏರತ್ತೆ. ಇವತ್ತು ನಿಮ್ಮೂರಲ್ಲಿ 5,000ಕ್ಕೆ ಸಿಂಗಲ್ ರೂಮ್ ಸಿಗಬಹುದು, ಮಗಳು ಹೈಸ್ಕೂಲ್‌ಗೆ ಬರೋ ಹೊತ್ತಿಗೆ ಸಿಗಲ್ಲ. ಶೇಕಡಾದಲ್ಲಿ ಇದ್ರೆ ಕವರ್ ಏರಿಸಿದಾಗ ಮಿತಿಯೂ ಏರತ್ತೆ, ಆದ್ರೆ ಸಾಮಾನ್ಯವಾಗಿ ಮೂಲ ಕವರ್ ಮೇಲೆ ಮಾತ್ರ. ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಕ್ಕ ಬೋನಸ್ ಲೆಕ್ಕಕ್ಕೆ ಬರುತ್ತಾ ಅಂತ ವರ್ಡಿಂಗ್ಸ್‌ನಲ್ಲೇ ನೋಡ್ಬೇಕು. ಶೇಕಡಾದ ಜೊತೆ ಮೇಲ್ಮಿತಿ ಇದ್ಯಾ ಅನ್ನೋದೂ ಮುಖ್ಯ. 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಪಾಲಿಸಿ ಎಲ್ಲ ಕಂಪನಿಯಲ್ಲೂ ಒಂದೇ ಥರ ಇರತ್ತೆ. ಅದರಲ್ಲಿ ಶೇ. 2 ಅಂತಿದೆ, ಕೇಳೋಕೆ ಚೆನ್ನಾಗಿದೆ, ಆದ್ರೆ ದಿನಕ್ಕೆ 5,000 ದಾಟಲ್ಲ. ಎರಡೂವರೆ ಲಕ್ಷದ ಕವರ್‌ಗೂ 5,000, ಐದು ಲಕ್ಷಕ್ಕೂ 5,000.

ರೂಮ್ ಪ್ರಕಾರದ ಮಿತಿ, ಅಂದ್ರೆ "ಸಿಂಗಲ್ ಪ್ರೈವೇಟ್ ರೂಮ್" ಅಂತ ಇರೋದು, ನನ್ನ ಪ್ರಕಾರ ಹೆಚ್ಚಿನ ಕುಟುಂಬಗಳಿಗೆ ಸಾಕು. ಬಾಡಿಗೆ ಎಷ್ಟೇ ಏರಲಿ, ಸಿಂಗಲ್ ಅಂದ್ರೆ ಸಿಂಗಲ್. ಆದ್ರೆ ಅಲ್ಲೂ ವಿವರಣೆ ಓದಿ. ಕೆಲವು ಕಡೆ ಆ ಆಸ್ಪತ್ರೆಯ ಅತಿ ಅಗ್ಗದ ಸಿಂಗಲ್ ರೂಮ್ ಅಂತ ಅರ್ಥ ಕೊಟ್ಟಿರ್ತಾರೆ. ಡೀಲಕ್ಸ್‌ಗೋ ಸೂಟ್‌ಗೋ ಹೋದ್ರೆ ಮತ್ತೆ ಅದೇ ಕತ್ತರಿ. ಯಾವ ಮಿತಿಯೂ ಇಲ್ಲದ ಪಾಲಿಸಿಗಳೂ ಇವೆ, ಪ್ರೀಮಿಯಂ ಸ್ವಲ್ಪ ಜಾಸ್ತಿ.

ಇನ್ನೊಂದು ಸಣ್ಣ ಪದ ದೊಡ್ಡ ತೊಂದರೆ ಕೊಡತ್ತೆ: ಇನ್‌ಕ್ಲೂಡಿಂಗ್. ರೂಮ್, ಬೋರ್ಡಿಂಗ್, ನರ್ಸಿಂಗ್ ಸೇರಿ 5,000 ಅಂತ ಬರೆದಿದ್ರೆ, ಬಾಡಿಗೆ 4,800 ಇದ್ದು ನರ್ಸಿಂಗ್ 900 ಹಾಕಿದ್ರೆ ನೀವು ಮಿತಿ ದಾಟಿದ ಹಾಗೆ. ಬಾಡಿಗೆ ಬೋರ್ಡ್ ನೋಡಿ "ಒಳಗೇ ಇದೀವಿ" ಅಂದ್ಕೊಂಡವರು ಡಿಸ್ಚಾರ್ಜ್ ದಿನ ಕೌಂಟರ್ ಮುಂದೆ ಗಾಬರಿಯಾಗ್ತಾರೆ.

ಫ್ಲೋಟರ್ ವಿಷಯಕ್ಕೆ ಒಂದು ಮಾತು. ಕವರ್ ಮೂವರಿಗೂ ಸೇರಿ ಒಂದೇ, ಆದ್ರೆ ರೂಮ್ ಮಿತಿ ದಾಖಲಾದ ಪ್ರತಿಯೊಬ್ಬರಿಗೂ ಬೇರೆ ಬೇರೆ. ಅಪ್ಪನಿಗೂ ಮಗಳಿಗೂ ಒಟ್ಟಿಗೆ ಡೆಂಗಿ ಬಂದ್ರೆ ಇಬ್ಬರಿಗೂ ದಿನಕ್ಕೆ ಐದೈದು ಸಾವಿರ. ಅಪ್ಪ, ಅಮ್ಮ, ಅತ್ತೆ, ಮಾವನ್ನ ಸೇರಿಸೋರು ಮಾತ್ರ ಈ ಮಿತಿನ ಇನ್ನೂ ಹತ್ತಿರದಿಂದ ನೋಡಿ. ವಯಸ್ಸಾದವರ ಆಸ್ಪತ್ರೆ ವಾಸ ಉದ್ದ ಇರತ್ತೆ, ಡಾಕ್ಟರ್ ವಿಸಿಟ್ ಜಾಸ್ತಿ, ಕತ್ತರಿಗೆ ಸಿಗೋ ಬಟ್ಟೆಯೂ ಜಾಸ್ತಿ.

ಈಗಾಗಲೇ ಮಿತಿ ಇರೋ ಪಾಲಿಸಿ ಕೈಯಲ್ಲಿದ್ರೆ? ಅಡ್ಮಿಶನ್ ಟೈಮಲ್ಲಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ಗೆ ಹೋಗಿ ನೇರವಾಗಿ ಕೇಳಿ: "ಮೇಡಂ, ನಮ್ಮ ಪಾಲಿಸಿಯಲ್ಲಿ ದಿನಕ್ಕೆ ಐದು ಸಾವಿರ ಲಿಮಿಟ್ ಇದೆ, ನರ್ಸಿಂಗ್ ಸೇರಿ. ಅದರೊಳಗೆ ಯಾವ ರೂಮ್ ಬರತ್ತೆ?" ಟ್ವಿನ್ ಶೇರಿಂಗ್ ಬರತ್ತೆ ಅಂದ್ರೆ ಅದನ್ನೇ ತಗೊಳ್ಳಿ. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದ್ರೆ ಸರ್ಜನ್ ಫೀಸೂ ಕೆಳಗಿನ ಕಾಲಂಗೆ ಇಳಿಯತ್ತೆ, ಅನುಪಾತದ ಕಡಿತವೂ ಬರಲ್ಲ. ನಾಲ್ಕು ರಾತ್ರಿ ಪಕ್ಕದ ಬೆಡ್‌ನವರ ನೆಂಟರ ಮಾತು ಕೇಳ್ಬೇಕು, ಅಷ್ಟೇ. ಆ ರೂಮ್ ಖಾಲಿ ಇಲ್ಲ ಅಂತ ಮೇಲಿನದ್ದು ಕೊಟ್ರೆ ಅದನ್ನ ಬರಹದಲ್ಲಿ ಕೇಳಿ, ಖಾಲಿಯಾದ ತಕ್ಷಣ ಶಿಫ್ಟ್ ಮಾಡಿಸಿ. ಆ ಪತ್ರಕ್ಕೆ ಕಂಪನಿ ಒಪ್ಪೇ ಒಪ್ಪುತ್ತೆ ಅಂತೇನಿಲ್ಲ.

ಕ್ಲೇಮ್ ಸೆಟಲ್ ಆದ್ಮೇಲೆ ಬರೋ ಪತ್ರದಲ್ಲಿ ಸಾಲು ಸಾಲಾಗಿ ಕಡಿತ ಇರತ್ತೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಬಿಲ್‌ಗಳ ಎದುರು ಅದೇ ಅನುಪಾತ ಕಂಡ್ರೆ, ನಮ್ಮ ಉದಾಹರಣೆಯಲ್ಲಿ 60,000ಕ್ಕೆ 22,500 ಕಟ್ ಆಗಿದ್ರೆ, ಸುಮ್ಮನಿರಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ರೆ ವಿಮಾ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಲ್ಲೇ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ.

ದಾವಣಗೆರೆಯ ಗೆಳೆಯರಿಗೆ ನನ್ನ ಉತ್ತರ: 14,800ರದ್ದೇ ತಗೊಳ್ಳಿ. ಬಜೆಟ್ ನಿಜವಾಗ್ಲೂ ಬಿಗಿ ಅಂದ್ರೆ 12,300ರದ್ದಕ್ಕೆ ರೂಮ್ ಮಿತಿ ತೆಗೆಯೋ ಆಡ್-ಆನ್ ಇದ್ಯಾ, ಅದರ ರೇಟೆಷ್ಟು ಅಂತ ಕೇಳಿ ನೋಡಿ. ಪಾಲಿಸಿ ಕೈಗೆ ಬಂದ ದಿನ ಜೊತೆಗೆ ಬರೋ ಕಸ್ಟಮರ್ ಇನ್ಫರ್ಮೇಶನ್ ಶೀಟ್ ತೆಗೆದು ಆ ರೂಮ್ ಸಾಲನ್ನ ಏಜೆಂಟ್ ಹೇಳಿದ್ದರ ಜೊತೆ ಹೋಲಿಸಿ. ತಾಳೆ ಆಗಲಿಲ್ಲ ಅಂದ್ರೆ 30 ದಿನದ ಫ್ರೀ ಲುಕ್ ಅವಧಿ ಇದೆ, ಅಷ್ಟರೊಳಗೆ ವಾಪಸ್ ಮಾಡಬಹುದು. ಅಷ್ಟು ದಿನದ ರಿಸ್ಕ್ ಪ್ರೀಮಿಯಂ, ಮೆಡಿಕಲ್ ಟೆಸ್ಟ್ ಖರ್ಚು ಮತ್ತು ಸ್ಟ್ಯಾಂಪ್ ಡ್ಯೂಟಿ ಹಿಡ್ಕೊಂಡು ಉಳಿದಿದ್ದು ಕೊಡ್ತಾರೆ.