ಘಟ್ಟದ ರಸ್ತೆಯ ಏರು: ಭೂರೂಪ ಮಾದರಿಯಿಂದ ಶೇಕಡಾವಾರು ಲೆಕ್ಕ



ಹೆಬ್ರಿ ಕಡೆಯಿಂದ ಸೋಮೇಶ್ವರ ದಾಟಿ ಆಗುಂಬೆಗೆ ಏರುವ ರಾಷ್ಟ್ರೀಯ ಹೆದ್ದಾರಿ 169ಎ ನಿಮಗೆಲ್ಲ ಗೊತ್ತು. ಅದರಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಈ ರಸ್ತೆ ಎಲ್ಲೆಲ್ಲಿ ಶೇಕಡಾ ಎಷ್ಟು ಏರುತ್ತದೆ ಎಂಬುದನ್ನು ಸ್ಥಳಕ್ಕೆ ಹೋಗದೆ, ಬಾಹ್ಯಾಕಾಶದಿಂದ ಅಳೆದ ಎತ್ತರದ ಮಾಹಿತಿಯಿಂದಲೇ ಹೇಳಬಹುದೇ? ಬಹುಪಾಲು ಹೇಳಬಹುದು ಎಂಬುದು ನನ್ನ ಉತ್ತರ. ಆದರೆ ಎಷ್ಟು ಉದ್ದದ ಮೇಲೆ ಲೆಕ್ಕ ಹಾಕಿದೆವು ಎನ್ನುವುದನ್ನು ಹೇಳದಿದ್ದರೆ ಬಂದ ಸಂಖ್ಯೆಗೆ ಬೆಲೆಯಿಲ್ಲ. ಇಂದು ನಾನು ವಿವರಿಸಬೇಕೆಂದಿರುವುದು ಇದೊಂದನ್ನೇ.

ಸೂತ್ರ ಸರಳ. ನೂರು ಮೀಟರ್ ಮುಂದೆ ಹೋದಾಗ ರಸ್ತೆ ಆರು ಮೀಟರ್ ಏರಿದರೆ ಅದು ಶೇ. 6ರ ಏರು.

```
g = 100 * (z2 - z1) / (s2 - s1)
```

ಇಲ್ಲಿ `z` ಎಂದರೆ ಎತ್ತರ, `s` ಎಂದರೆ ರಸ್ತೆಯ ಗುಂಟ ಅಳೆದ ದೂರ, ನಮ್ಮ ಎಂಜಿನಿಯರುಗಳು ಚೈನೇಜ್ ಎನ್ನುವುದು. ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದು ಅಳೆಯುವ ದೂರ ಇದಲ್ಲ. ಹೇರ್‌ಪಿನ್ ತಿರುವಿನ ಎರಡು ತೋಳುಗಳು ನೇರ ಗೆರೆಯಲ್ಲಿ ಮೂವತ್ತು ಮೀಟರ್ ಅಂತರದಲ್ಲಿದ್ದು, ರಸ್ತೆಯಲ್ಲಿ ಸುತ್ತಿ ಬಂದರೆ ನೂರೈವತ್ತು ಮೀಟರ್ ಆಗಬಹುದು. ನೇರ ದೂರದಿಂದ ಭಾಗಿಸಿದರೆ ಏರು ಐದು ಪಟ್ಟು ಹೆಚ್ಚಾಗಿ ಬರುತ್ತದೆ. ಇಳಿಜಾರಿನ ಮೇಲಿನ ದೂರವೇ ಅಡ್ಡಮಟ್ಟದ ದೂರವೇ ಎಂಬ ಪ್ರಶ್ನೆಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಕಿಲ್ಲ. ಶೇ. 10ರ ಏರಿನಲ್ಲೂ ಅವೆರಡರ ವ್ಯತ್ಯಾಸ ಸುಮಾರು ಅರ್ಧ ಶೇಕಡಾ ಅಷ್ಟೆ. ಆದರೆ ರಸ್ತೆಯ ಗೆರೆ ಅಕ್ಷಾಂಶ, ರೇಖಾಂಶಗಳ ಡಿಗ್ರಿಯಲ್ಲಿದ್ದರೆ ಮೊದಲು ಅದನ್ನು ಮೀಟರಿಗೆ ಇಳಿಸಬೇಕು. ನಮ್ಮ ಕರಾವಳಿ, ಮಲೆನಾಡಿಗೆ ಯುಟಿಎಂ 43 ಉತ್ತರ ವಲಯ, ಅಂದರೆ `EPSG:32643` ಹೊಂದುತ್ತದೆ.

ಇನ್ನು ಎತ್ತರ. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ 11 ದಿನಗಳ ಯಾನದಲ್ಲಿ ರಾಡಾರಿನಿಂದ ಭೂಮಿಯ ಬಹುಭಾಗವನ್ನು ಅಳೆದು ಕೊಟ್ಟ ಎಸ್‌ಆರ್‌ಟಿಎಂ ಮಾಹಿತಿ ಇಂದು ಉಚಿತವಾಗಿ ಸಿಗುತ್ತದೆ. ಅದರ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ, ಎತ್ತರ ಪೂರ್ಣ ಮೀಟರುಗಳಲ್ಲಿ. ರಸ್ತೆಯ ಗೆರೆಯ ಮೇಲೆ `QGIS`ನ `Points along geometry` ಬಳಸಿ ಹತ್ತು ಮೀಟರಿಗೊಂದು ಬಿಂದು ಇಟ್ಟು, `Sample raster values` ಒತ್ತಿದರೆ ಪ್ರತಿ ಬಿಂದುವಿಗೂ ಅದು ಬಿದ್ದ ಚೌಕದ ಎತ್ತರ ಸಿಗುತ್ತದೆ. ಒಂದೇ ಚೌಕದೊಳಗಿನ ಎರಡು ಮೂರು ಬಿಂದುಗಳಿಗೆ ಒಂದೇ ಎತ್ತರ, ಗಡಿ ದಾಟಿದೊಡನೆ ಒಂದೋ ಎರಡೋ ಮೀಟರಿನ ಜಿಗಿತ. ಹೀಗಾಗಿ ಸಮನಾಗಿ ಶೇ. 5 ಏರುವ ರಸ್ತೆ ಪಟ್ಟಿಯಲ್ಲಿ ಶೇ. 0, 0, 20, 0, 0, 10 ಎಂದು ಕಾಣುತ್ತದೆ. ಸೊನ್ನೆಗಳು ಹೀಗೆ ಸಾಲುಗಟ್ಟಿದ್ದರೆ ಅದು ಚೌಕಗಳ ಗುರುತು, ರಸ್ತೆಯದಲ್ಲ. ಸುತ್ತಲಿನ ನಾಲ್ಕು ಚೌಕಗಳನ್ನು ತೂಗಿ ಎತ್ತರ ಕೊಡುವ ಬೈಲೀನಿಯರ್ ವಿಧಾನ ಈ ಮೆಟ್ಟಿಲುಗಳನ್ನು ನುಣುಪಾಗಿಸುತ್ತದೆ. ಹೊಸ ಮಾಹಿತಿಯನ್ನೇನೂ ಅದು ತರುವುದಿಲ್ಲ. ಬಿಂದುಗಳನ್ನು ಹತ್ತರ ಬದಲು ಎರಡು ಮೀಟರಿಗೊಂದರಂತೆ ಇಟ್ಟರೂ ಅಷ್ಟೇ, ಅದೇ ನಾಲ್ಕು ಚೌಕಗಳನ್ನು ಮತ್ತೆ ಮತ್ತೆ ಓದಿದಂತಾಗುತ್ತದೆ.

ಒಂದು ತುಣುಕನ್ನು ಕೈಯಲ್ಲೇ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ನಾನು ಆರಿಸಿಕೊಂಡವು. ನೂರು ಮೀಟರ್ ಉದ್ದ, ನಿಜವಾದ ಏರು ಶೇ. 5, ಇಪ್ಪತ್ತು ಮೀಟರಿಗೊಂದು ಬಿಂದು. ಮಾದರಿ ಕೊಟ್ಟ ಎತ್ತರಗಳು 300, 300, 303, 304, 303, 306 ಮೀಟರ್. ಪಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿದರೆ ಶೇ. 0, 15, 5, ಇಳಿಕೆ 5, ಮತ್ತೆ 15. ಈ ಪಟ್ಟಿಯನ್ನು ಓದಿದವರು ಇಲ್ಲಿ ಶೇ. 15ರ ಏರಿದೆ ಎಂದುಕೊಳ್ಳುತ್ತಾರೆ. ಮೊದಲ ಮತ್ತು ಕೊನೆಯ ಬಿಂದುಗಳನ್ನಷ್ಟೇ ಹಿಡಿದರೆ ನೂರು ಮೀಟರಿಗೆ ಆರು ಮೀಟರ್, ಶೇ. 6. ನಿಜಕ್ಕೆ ಎಷ್ಟೋ ಹತ್ತಿರ.

ಕಾರಣ ಇಷ್ಟೆ. ಎರಡು ಬಿಂದುಗಳ ಎತ್ತರದ ವ್ಯತ್ಯಾಸದಲ್ಲಿ ಮೂರು ಮೀಟರ್ ತಪ್ಪಿದೆ ಎಂದುಕೊಳ್ಳಿ. ಇಪ್ಪತ್ತು ಮೀಟರ್ ದೂರದಲ್ಲಿ ಅದು ಏರಿನಲ್ಲಿ 15 ಅಂಶಗಳ ತಪ್ಪಾಗುತ್ತದೆ, ನೂರು ಮೀಟರಿನಲ್ಲಿ 3, ಐನೂರು ಮೀಟರಿನಲ್ಲಿ 0.6. ಎತ್ತರದ ತಪ್ಪು ಅಷ್ಟೇ ಇದ್ದರೂ ಭಾಗಿಸುವ ದೂರ ಬೆಳೆದಂತೆ ಅದರ ಪೆಟ್ಟು ಕಡಿಮೆಯಾಗುತ್ತದೆ. ಈಗ ಇದನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಿತಿಗಳ ಪಕ್ಕದಲ್ಲಿಟ್ಟು ನೋಡಿ. ಗುಡ್ಡಗಾಡು ರಸ್ತೆಗೆ ಸಾಮಾನ್ಯ ಮಿತಿ ಶೇ. 5, ಅನಿವಾರ್ಯವಾದಲ್ಲಿ 6, ತೀರಾ ಅಪರೂಪಕ್ಕೆ 7. ಈ ಮೂರರ ನಡುವೆ ಇರುವುದೇ ಒಂದೊಂದು ಅಂಶ. ಹಾಗಾಗಿ 30 ಮೀಟರಿನ ಮಾದರಿಯಿಂದ, ನೂರು ಮೀಟರಿನ ತುಣುಕೊಂದು ಮಿತಿ ದಾಟಿದೆಯೇ ಎಂದು ತೀರ್ಮಾನಿಸಲು ಬರುವುದಿಲ್ಲ. ಐನೂರು ಮೀಟರಿನ ತುಣುಕಿನ ಬಗ್ಗೆ ಧೈರ್ಯವಾಗಿ ಮಾತಾಡಬಹುದು.

ಆ ಮೂರು ಮೀಟರ್ ತಪ್ಪು ಎಲ್ಲಿಂದ ಬರುತ್ತದೆ? ಘಟ್ಟದಲ್ಲಿ ಅದರ ದೊಡ್ಡ ಮೂಲ ರಸ್ತೆಯ ಅಡ್ಡಕ್ಕಿರುವ ಗುಡ್ಡ. ಏಳೆಂಟು ಮೀಟರ್ ಅಗಲದ ರಸ್ತೆ 30 ಮೀಟರಿನ ಚೌಕದಲ್ಲಿ ಕಾಣುವುದೇ ಇಲ್ಲ. ಮಾದರಿ ಹೇಳುವುದು ಗುಡ್ಡದ ಎತ್ತರ. ಗುಡ್ಡ 30 ಡಿಗ್ರಿ ಕಡಿದಾಗಿದ್ದು, ನಾವು ಗುರುತಿಸಿದ ಗೆರೆ ರಸ್ತೆಯಿಂದ ಹತ್ತು ಮೀಟರ್ ಪಕ್ಕಕ್ಕೆ ಸರಿದಿದ್ದರೆ ಎತ್ತರ 5.8 ಮೀಟರ್ ತಪ್ಪುತ್ತದೆ. ಇದನ್ನು ಕಂಡುಹಿಡಿಯಲು ನಾನು ನಂಬುವ ಪರೀಕ್ಷೆ ಒಂದಿದೆ. ಗೆರೆಯನ್ನು ಹತ್ತು ಮೀಟರ್ ಎಡಕ್ಕೂ ಬಲಕ್ಕೂ ಸರಿಸಿ ಅದೇ ಲೆಕ್ಕವನ್ನು ಮತ್ತೆ ಮಾಡಿ. ಮೂರು ಲೆಕ್ಕಗಳು ಒಂದನ್ನೊಂದು ಹೋಲುವ ಕಡೆ ಸಂಖ್ಯೆಯನ್ನು ನಂಬಿ. ಎಲ್ಲಿ ಚದುರುತ್ತವೆಯೋ ಅಲ್ಲಿ ತುಣುಕಿನ ಉದ್ದ ಹೆಚ್ಚಿಸಿ. ಏರುತ್ತಲೇ ಹೋಗುವ ಘಟ್ಟದಲ್ಲಿ ಇಳಿಕೆ ಕಂಡರೆ ಅದೂ ಅನುಮಾನಕ್ಕೆ ಕಾರಣ.

ಕಾಡು ಇನ್ನೊಂದು ಮೂಲ. ಎಸ್‌ಆರ್‌ಟಿಎಂನ ರಾಡಾರ್ ಅಲೆ ಸುಮಾರು 5.6 ಸೆಂಟಿಮೀಟರಿನದು. ದಟ್ಟ ಮಳೆಕಾಡಿನಲ್ಲಿ ಅದು ನೆಲಕ್ಕೆ ಮುಟ್ಟುವ ಮೊದಲೇ ಎಲೆ, ಕೊಂಬೆಗಳಿಂದ ಹಿಂದಿರುಗುತ್ತದೆ. ಆಗುಂಬೆಯಂಥ ಕಡೆ ಕಾಡು ಮುಗಿದು ಬಯಲು ಬಂದಲ್ಲಿ ರಸ್ತೆ ಇಳಿಯದಿದ್ದರೂ ಮಾದರಿಯಲ್ಲಿ ಇಳಿಯುತ್ತದೆ. ಮರ, ಕಟ್ಟಡಗಳ ಎತ್ತರ ಕಳೆದು 2022ರಲ್ಲಿ ಹೊರಬಂದ ಫ್ಯಾಬ್‌ಡೆಮ್ ಮಾದರಿ ಇಂಥಲ್ಲಿ ಮೇಲು. ಆದರೂ ಅದರ ಚೌಕ 30 ಮೀಟರಿನದೇ.

ಎಲ್ಲಕ್ಕಿಂತ ಕಷ್ಟವಾದದ್ದು ಹೇರ್‌ಪಿನ್. ಎರಡು ತೋಳುಗಳು ಒಂದೇ ಚೌಕಕ್ಕೆ ಅಥವಾ ಅಕ್ಕಪಕ್ಕದ ಚೌಕಗಳಿಗೆ ಬಿದ್ದಾಗ ಕೆಳಗಿನ ತೋಳು ಇರುವುದಕ್ಕಿಂತ ಮೇಲೆ, ಮೇಲಿನ ತೋಳು ಇರುವುದಕ್ಕಿಂತ ಕೆಳಗೆ ಓದುತ್ತದೆ. ಪರಿಣಾಮವಾಗಿ ತಿರುವಿಗೆ ಮುಂಚೆ ಏರು ಹೆಚ್ಚಾಗಿ, ತಿರುವಿನಲ್ಲಿ ಸಪಾಟಾಗಿ, ದಾಟಿದ ಮೇಲೆ ಮತ್ತೆ ಹೆಚ್ಚಾಗಿ ಕಾಣುತ್ತದೆ. ಮೋಸ ಹೋಗುವುದು ಸುಲಭ, ಏಕೆಂದರೆ ರಸ್ತೆ ಕಟ್ಟುವವರು ಸಹ ಹೇರ್‌ಪಿನ್‌ನಲ್ಲಿ ಏರನ್ನು ಬೇಕೆಂದೇ ತಗ್ಗಿಸುತ್ತಾರೆ. ಅಲ್ಲಿ ಗರಿಷ್ಠ 40ಕ್ಕೆ 1, ಅಂದರೆ ಶೇ. 2.5 ಎಂಬುದು ನಿಯಮ. ಕಂಡ ಸಪಾಟಿನಲ್ಲಿ ಎಂಜಿನಿಯರು ಮಾಡಿದ್ದೆಷ್ಟು, ಚೌಕಗಳು ಮಾಡಿದ್ದೆಷ್ಟು ಎಂದು ಈ ಮಾಹಿತಿಯಿಂದ ಬೇರ್ಪಡಿಸಲಾಗದು. ಅದಕ್ಕೇ ನಾನು ತಿರುವಿನ ಎರಡೂ ಬದಿಗೆ ನೂರು ಮೀಟರ್ ಬಿಟ್ಟು, ತಿರುವನ್ನು ಪೂರ್ತಿ ಒಳಗೊಂಡ ಉದ್ದ ತುಣುಕಿನ ಸರಾಸರಿಯನ್ನಷ್ಟೇ ಬರೆಯುತ್ತೇನೆ. ಒಳಗಿನ ಸಂಖ್ಯೆಗಳ ಜಾಗವನ್ನು ಪಟ್ಟಿಯಲ್ಲಿ ಖಾಲಿ ಬಿಡುತ್ತೇನೆ. ಆಗುಂಬೆಯಲ್ಲಿ ಅಂಥ 14 ಖಾಲಿ ಜಾಗಗಳು ಉಳಿಯುತ್ತವೆ. ಅವುಗಳನ್ನು ತುಂಬಲು ಟೋಟಲ್ ಸ್ಟೇಷನ್ ಹೊತ್ತುಕೊಂಡು ರಸ್ತೆಗೇ ಹೋಗಬೇಕು.