ಗಡಿಯಾರದ ಮೂರು ಮಾತು

ಅಳ್ನಾವರ ಜಂಕ್ಷನ್ನಿನಲ್ಲಿ ನಿಂತು ನಡುಹಗಲಿನ ನೆರಳನ್ನು ಅಳೆದು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ನೆರಳು ಅತಿ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ನಮ್ಮ ದೇಶದ ಕಾಲವನ್ನು 82.5 ಡಿಗ್ರಿ ಪೂರ್ವ ರೇಖಾಂಶದಿಂದ ಎಣಿಸುತ್ತಾರೆ. ಅದು ಮಿರ್ಜಾಪುರದ ಬಳಿ ಹಾಯುತ್ತದೆ. ನಾವು ಅಲ್ಲಿಂದ ಹೆಚ್ಚುಕಡಿಮೆ ಎಂಟು ಡಿಗ್ರಿ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷ. ಅರ್ಧ ಗಂಟೆ ಹಿಂದೆ. 1906ರ ಜನವರಿ 1ರಂದು ಬಂದ ಈ ಏರ್ಪಾಡು ಗ್ರೀನ್‌ವಿಚ್ಚಿಗಿಂತ ಐದೂವರೆ ಗಂಟೆ ಮುಂದಿದೆ.

ಅಂದರೆ ಗಡಿಯಾರ ತೋರಿಸುವ ಹೊತ್ತು ಒಂದು ಒಪ್ಪಂದ. ಇಂದು ಕೈಯಲ್ಲಿರುವ ಮೊಬೈಲೂ ಅಂಗಡಿಯ ಗಣಕಯಂತ್ರವೂ ಈ ಒಪ್ಪಂದವನ್ನು ಮೂರಾಗಿ ಬಿಡಿಸಿ ಇಟ್ಟುಕೊಂಡಿರುತ್ತವೆ: ಜಗತ್ತಿಗೆಲ್ಲ ಒಂದೇ ಆದ ಕ್ಷಣ, ಆ ಕ್ಷಣವನ್ನು ನಮ್ಮ ಹೊತ್ತಿಗೆ ತಿರುಗಿಸುವ ಕಾಲವಲಯ, ಅದನ್ನು ಬರೆದು ತೋರಿಸುವ ರೀತಿ. ಮೂರರಲ್ಲಿ ಯಾವುದು ತಪ್ಪಿದೆ ಎಂಬುದನ್ನು ಅರಿಯದೆ ಇನ್ನೊಂದನ್ನು ತಿದ್ದಿದರೆ ತೊಡಕು ಹೆಚ್ಚುತ್ತದೆ.

ಹೊರದೇಶದಿಂದ ಮಗ ತಂದುಕೊಟ್ಟ ಯಂತ್ರದಲ್ಲಿ ಅಮೆರಿಕೆಯ ಪಶ್ಚಿಮ ತೀರದ ಕಾಲವಲಯ ಉಳಿದಿತ್ತೆಂದು ಇಟ್ಟುಕೊಳ್ಳಿ. ಸಂಜೆ ಏಳರ ಹೊತ್ತಿಗೆ ಅದು ಬೇಸಗೆಯಲ್ಲಿ ಬೆಳಗಿನ ಆರೂವರೆ ತೋರಿಸುತ್ತದೆ. ನಾವು ಮುಳ್ಳನ್ನು ತಿರುಗಿಸಿದಂತೆ ಏಳು ಮಾಡುತ್ತೇವೆ. ಮುಖ ಸರಿಯಾಯಿತು, ಒಳಗು ಹನ್ನೆರಡೂವರೆ ಗಂಟೆ ಕೆಟ್ಟಿತು. ಮಗ ರಾತ್ರಿ ಎಂಟಕ್ಕೆಂದು ಗೊತ್ತುಮಾಡಿ ಕಳಿಸಿದ ಮಾತುಕತೆ ಕ್ಯಾಲೆಂಡರಿನಲ್ಲಿ ಬೆಳಗಿನ ಏಳೂವರೆಗೆ ಕುಳಿತಿರುತ್ತದೆ. ಆದುದರಿಂದ ಹೊತ್ತನ್ನು ಮುಟ್ಟುವ ಮೊದಲು ವಲಯವನ್ನು ನೋಡಬೇಕು. ಅಲ್ಲಿ `GMT+05:30` ಅಥವಾ `Asia/Kolkata` ಎಂದಿರಬೇಕು. ಆಮೇಲೆ `Set time automatically` ಎಂಬುದನ್ನು ಚಾಲೂ ಮಾಡಿದರೆ ಹೊತ್ತು ತಾನೇ ಬಂದು ಕೂಡುತ್ತದೆ.

ಇಪ್ಪತ್ತನಾಲ್ಕು ಗಂಟೆಯ ಲೆಕ್ಕವನ್ನು ನಮಗೆ ಕಲಿಸಿದ್ದು ರೈಲು. ಟಿಕೇಟಿನಲ್ಲಿ 15ನೆಯ ತಾರೀಖು, 00:20 ಎಂದಿದ್ದರೆ ಹೊರಡಬೇಕಾದುದು 14ರ ರಾತ್ರಿ ಊಟ ಮುಗಿಸಿ. ನಮ್ಮ ಮನಸ್ಸಿನಲ್ಲಿ ದಿನ ಬದಲಾಗುವುದು ಬೆಳಗಾದ ಮೇಲೆ. ರೈಲಿನ ದಿನ ನಡುರಾತ್ರಿಗೇ ಬದಲಾಗುತ್ತದೆ. 15ರ ರಾತ್ರಿ ಗಂಟುಮೂಟೆಯೊಡನೆ ನಿಲ್ದಾಣಕ್ಕೆ ಬಂದವರ ರೈಲು ಹೋಗಿ ಒಂದು ದಿನವಾಗಿರುತ್ತದೆ. ಹನ್ನೆರಡು ಗಂಟೆಯ ಗಡಿಯಾರದಲ್ಲಿ ಅಲಾರಂ ಇಡುವವರಿಗೆ ಇನ್ನೊಂದು ಹಳ್ಳವೂ ಉಂಟು: `12:20 PM` ಎಂದರೆ ಮಧ್ಯಾಹ್ನ, `12:20 AM` ಎಂದರೆ ನಡುರಾತ್ರಿ. `Use 24-hour format` ಆರಿಸಿಕೊಂಡರೆ ಆ ಸಂಶಯ ಹುಟ್ಟುವುದೇ ಇಲ್ಲ. ಟಿಕೇಟಿನ ಅಂಕಿಯೂ ಅಲಾರಮಿನ ಅಂಕಿಯೂ ಒಂದೇ ಆಗುತ್ತವೆ.

ಎಲ್ಲಕ್ಕಿಂತ ಮೋಸದ್ದು ಮೂರನೆಯದು, ಬರೆಯುವ ರೀತಿ. ನಾವು ದಿನವನ್ನು ಮೊದಲು ಬರೆಯುತ್ತೇವೆ, ಅಮೆರಿಕದವರು ತಿಂಗಳನ್ನು. ಪೇಟೆಯಲ್ಲಿ ಬೀಜ ಗೊಬ್ಬರ ಮಾರುವವರೊಬ್ಬರ ಗಣಕಯಂತ್ರ ಅಮೆರಿಕದ ರೀತಿಯಲ್ಲಿದೆ ಎನ್ನಿ. ಏಪ್ರಿಲ್ 3ರ ಉದ್ರಿ ಬಿಲ್ಲಿಗೆ ಅವರು ಎಕ್ಸೆಲ್ ಹಾಳೆಯಲ್ಲಿ `03/04/2025` ಎಂದು ಬರೆಯುತ್ತಾರೆ. ಯಂತ್ರ ಅದನ್ನು ಮಾರ್ಚ್ 4 ಎಂದು ತಿಳಿದು `3/4/2025` ಎಂದೇ ತೋರಿಸುತ್ತದೆ, ಕಣ್ಣಿಗೆ ತಪ್ಪಿಲ್ಲ. ಮೂವತ್ತು ದಿನದ ವಾಯಿದೆಗೆ ಪಕ್ಕದಲ್ಲಿ ಹೀಗೆ ಬರೆದಿದೆ:

```
=A2+30
```

ಬರುವ ಉತ್ತರ `4/3/2025`. ಯಂತ್ರದ ಪಾಲಿಗೆ ಅದು ಏಪ್ರಿಲ್ 3, ಎಂದರೆ ಬಿಲ್ಲಿನ ದಿನವೇ ವಾಯಿದೆ. ನಾವು ಓದಿಕೊಂಡರೆ ಮಾರ್ಚ್ 4, ಸಾಲ ಕೊಡುವ ಮೊದಲೇ ತೀರಿಸಬೇಕಾದ ದಿನ! ಬರಬೇಕಾಗಿದ್ದುದು ಮೇ 3.

ಈ ರೋಗಕ್ಕೆ ಒಂದು ಗುರುತಿದೆ. `13/04/2025` ಎಂದು ಬರೆದು ನೋಡಿ. ಹದಿಮೂರನೆಯ ತಿಂಗಳಿಲ್ಲವಾದ್ದರಿಂದ ಅಮೆರಿಕದ ರೀತಿಯ ಯಂತ್ರ ಅದನ್ನು ತಾರೀಖೆಂದು ಒಪ್ಪದೆ ಬರಿಯ ಅಕ್ಷರವೆಂದು ಕೋಣೆಯ ಎಡಕ್ಕೆ ಸರಿಸುತ್ತದೆ. ಒಪ್ಪಿದ ತಾರೀಖು ಬಲಕ್ಕೆ ನಿಲ್ಲುತ್ತದೆ. ಒಂದೇ ಸಾಲಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ರೀತಿ ತಪ್ಪಿದೆಯೆಂದು ತಿಳಿಯಬೇಕು.

ವಿಂಡೋಸ್ ಯಂತ್ರದಲ್ಲಿ `intl.cpl` ಎಂದು ಬರೆದು ತೆರೆದರೆ `Format` ಎಂಬಲ್ಲಿ `English (India)` ಆರಿಸಬಹುದು. ಆಗ ತಾರೀಖು ದಿನದಿಂದ ಮೊದಲಾಗುತ್ತದೆ, ಮೊತ್ತದ ಅಲ್ಪವಿರಾಮವೂ ಲಕ್ಷದ ಲೆಕ್ಕಕ್ಕೆ ಬಂದು `1,00,000` ಆಗುತ್ತದೆ. ಆದರೆ ಒಂದು ಮಿತಿಯನ್ನು ಮರೆಯಬಾರದು. ಈ ಬದಲಾವಣೆ ಮುಂದೆ ಬರೆಯುವುದಕ್ಕೆ ದಾರಿ. ಹಿಂದೆ ತಪ್ಪಾಗಿ ತಿಳಿದುಕೊಂಡ ಮಾರ್ಚ್ 4 ಮಾರ್ಚ್ 4 ಆಗಿಯೇ ಉಳಿಯುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳ ಬಿಲ್ಲುಗಳನ್ನು ಕಾಗದದ ಪ್ರತಿಯೊಡನೆ ಹೋಲಿಸಿ ಮತ್ತೆ ಬರೆಯಬೇಕು. ಎಡಕ್ಕೆ ಸರಿದವನ್ನೂ ಮತ್ತೊಮ್ಮೆ ತಾರೀಖಾಗಿ ಬರೆಯಬೇಕು.

ಇನ್ನೊಬ್ಬರ ಕೈಗೆ ಹೋಗುವ ಬಿಲ್ಲಿನಲ್ಲಿ ತಿಂಗಳನ್ನು ಅಂಕಿಯಲ್ಲಿ ಬರೆಯದೆ 3 ಏಪ್ರಿಲ್ 2025 ಎಂದು ಹೆಸರಿನಲ್ಲೇ ಬರೆಯುವುದು ಒಳ್ಳೆಯದು. ಅದನ್ನು ಅಳ್ನಾವರದಲ್ಲಿ ಓದಿದರೂ ಅಮೆರಿಕದಲ್ಲಿ ಓದಿದರೂ ದಿನ ಒಂದೇ.