ಬಾಕಿ ವಂತಿಗೆಯ ಪತ್ರ: ಲೆಕ್ಕವೂ ಉಳಿಯಲಿ, ಮನಸ್ಸೂ ಉಳಿಯಲಿ

(ಸಂಘದ ಪದಾಧಿಕಾರಿಗಳು ಮತ್ತು ವಿದ್ಯಾರ್ಥಿ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಕೋಶಾಧಿಕಾರಿ ಬಾಕಿ ವಂತಿಗೆ ಕೇಳಿ ಸದಸ್ಯರಿಗೆ ಬರೆಯುವ ಪತ್ರದ ಬಗ್ಗೆ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ವಿಷಯ ಚಿಕ್ಕದು. ಆದರೆ ಜೂನ್ ತಿಂಗಳಲ್ಲಿ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನ ನಿಂತಿರುವುದು ಈ ವಂತಿಗೆಯ ಮೇಲೆ. ವಂತಿಗೆ ಬಾರದಿದ್ದರೆ ಒಂದು ಮಗುವಿನ ಫೀಸು ನಿಲ್ಲುತ್ತದೆ. ಕೇಳುವ ರೀತಿ ಕೆಟ್ಟರೆ ಒಂದು ಮನೆಯೇ ಸಂಘದಿಂದ ದೂರ ಹೋಗುತ್ತದೆ. ಈ ಎರಡೂ ಆಗದ ಹಾಗೆ ಬರೆಯುವುದು ಹೇಗೆ ಎಂಬುದೇ ಪ್ರಶ್ನೆ.

ನನ್ನ ಉತ್ತರ ಇಷ್ಟೇ: ಈ ಪತ್ರ ಹಣ ಕೊಡಿ ಎಂದು ಆರಂಭವಾಗಬಾರದು. ನಮ್ಮ ಪುಸ್ತಕದಲ್ಲಿ ಹೀಗೆ ಕಾಣುತ್ತಿದೆ, ನಿಮ್ಮಲ್ಲಿರುವ ಲೆಕ್ಕಕ್ಕೆ ಇದು ಸರಿಹೊಂದುತ್ತದೆಯೇ ಎಂದು ಆರಂಭವಾಗಬೇಕು. ಇದು ಬರೀ ಮರ್ಯಾದೆಯ ಮಾತಲ್ಲ. ಬಾಕಿ ಪಟ್ಟಿಯಲ್ಲಿ ಹೆಸರಿರುವವರೆಲ್ಲ ನಿಜವಾಗಿ ಬಾಕಿ ಇಟ್ಟವರಲ್ಲ.

ಪಟ್ಟಿಯಲ್ಲಿ ನಾಲ್ಕು ಬಗೆಯವರು ಇರುತ್ತಾರೆ. ಕೊಟ್ಟಿದ್ದಾರೆ, ಆದರೆ ಖಾತೆಗೆ ಏರಿಲ್ಲ. ಕೊಡಲು ಸಿದ್ಧರಿದ್ದಾರೆ, ಆದರೆ ಯಾರೂ ಕೇಳಲು ಹೋಗಿಲ್ಲ. ಕೊಡಲು ಮನಸ್ಸಿದೆ, ಕೈಯಲ್ಲಿಲ್ಲ. ಸಂಘದ ಯಾವುದೋ ತೀರ್ಮಾನದ ಬಗ್ಗೆ ಬೇಸರವಿದೆ, ಅದಕ್ಕಾಗಿ ಕೊಟ್ಟಿಲ್ಲ. ಕೋಶಾಧಿಕಾರಿಗೆ ಪಟ್ಟಿ ನೋಡಿದಾಗ ಈ ನಾಲ್ವರೂ ಒಂದೇ ರೀತಿ ಕಾಣುತ್ತಾರೆ. ಆದ್ದರಿಂದ ನಾಲ್ವರಲ್ಲಿ ಯಾರು ಓದಿದರೂ ನೋವಾಗದಂತೆ ಪತ್ರ ಇರಬೇಕು.

ಪೆನ್ನು ಹಿಡಿಯುವ ಮೊದಲು

ಪತ್ರದ ಕೆಲಸ ಲೆಕ್ಕದ ಪುಸ್ತಕದಿಂದ ಶುರುವಾಗುತ್ತದೆ. ಸದಸ್ಯರ ಖಾತೆ ಪುಸ್ತಕ, ರಶೀದಿ ಪುಸ್ತಕಗಳ ಅಡಿಪ್ರತಿ, ಬ್ಯಾಂಕ್ ಪಾಸ್ ಪುಸ್ತಕ ಈ ಮೂರನ್ನೂ ಎದುರಿಗಿಟ್ಟು ತಾಳೆ ನೋಡಬೇಕು. ಊರೂರಿನ ಪ್ರತಿನಿಧಿಗಳಿಗೆ ಕೊಟ್ಟ ರಶೀದಿ ಪುಸ್ತಕಗಳಲ್ಲಿ ಎಷ್ಟು ವಾಪಸು ಬಂದಿವೆ ಎಂದು ಎಣಿಸಬೇಕು. ಒಂದು ಪುಸ್ತಕ ಬಾರದೆ ಇದ್ದರೂ ಆ ಊರಿನ ಪತ್ರಗಳನ್ನು ತಡೆಹಿಡಿಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಾರ್ಷಿಕ ವಂತಿಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಸುಳ್ಯ ಕಡೆಯ ಒಬ್ಬ ಹಿರಿಯ ಸದಸ್ಯರ ಖಾತೆಯಲ್ಲಿ 2022-23, 2023-24, 2024-25 ಈ ಮೂರು ವರ್ಷ ಖಾಲಿ. ಅಂದರೆ ಬಾಕಿ 1,800 ರೂಪಾಯಿ. ಈಗ ಅಡಿಪ್ರತಿ ತಿರುವಿದಾಗ 2023ರ ಫೆಬ್ರವರಿಯಲ್ಲಿ ಅವರ ಹೆಸರಿಗೆ 600ರ ರಶೀದಿ ಹರಿದಿರುವುದು ಸಿಗುತ್ತದೆ. ಪ್ರತಿನಿಧಿ ಹಣವನ್ನು ಒಟ್ಟಾಗಿ ಬ್ಯಾಂಕಿಗೆ ಕಟ್ಟಿದ್ದಾರೆ, ಹೆಸರಿನ ಪಟ್ಟಿ ಕೊಟ್ಟಿಲ್ಲ. ಬ್ಯಾಂಕಿನ ಪಟ್ಟಿಯಲ್ಲಿ 2024ರಲ್ಲಿ ಯುಪಿಐ ಮೂಲಕ 500 ರೂಪಾಯಿ ಬಂದಿದೆ; ಹೆಸರು ಸದಸ್ಯರದ್ದಲ್ಲ, ಅವರ ಮಗನದ್ದು. ಅದು 'ಯಾರದೆಂದು ತಿಳಿಯದ ಜಮೆ' ಎಂಬ ಸಾಲಿನಲ್ಲಿ ಕುಳಿತಿದೆ. ಮಗನನ್ನು ವಿಚಾರಿಸಿದಾಗ ತಂದೆಯ ವಂತಿಗೆಯೆಂದೇ ಕಳಿಸಿದ್ದು ಎಂದು ತಿಳಿಯುತ್ತದೆ. ಈಗ ನಿಜವಾದ ಬಾಕಿ 700 ರೂಪಾಯಿ ಮಾತ್ರ.

ತಾಳೆ ನೋಡದೆ 1,800ರ ಪತ್ರ ಹೋಗಿದ್ದರೆ ಏನಾಗುತ್ತಿತ್ತು? ಅವರು ಜೇಬಿನಿಂದ ರಶೀದಿ ತೆಗೆದು ಪೇಟೆಯ ಅಂಗಡಿಯಲ್ಲಿ ನಾಲ್ಕು ಜನರಿಗೆ ತೋರಿಸುತ್ತಿದ್ದರು. ಅಲ್ಲಿಂದ ಮುಂದೆ ಆ ಊರಿನಲ್ಲಿ ಯಾರಿಗೆ ಪತ್ರ ಬಂದರೂ 'ಇವರ ಲೆಕ್ಕವೇ ಸರಿಯಿಲ್ಲ' ಎಂಬ ಮಾತು ಸಿದ್ಧವಾಗಿರುತ್ತಿತ್ತು.

ಪತ್ರವನ್ನು ಓದುವವರು ಯಾರು?

ನಮ್ಮ ಮನೆಮಾತು ಬ್ಯಾರಿ. ಹಿರಿಯರಲ್ಲಿ ಹಲವರಿಗೆ ಕನ್ನಡ ಓದಲು ಬರುವುದಿಲ್ಲ. ಪತ್ರ ಬಂದರೆ ಮೊಮ್ಮಗಳೋ ಸೊಸೆಯೋ ಗಟ್ಟಿಯಾಗಿ ಓದಿ ಹೇಳುತ್ತಾರೆ. ಹಾಗಾಗಿ ನಾವು ಬರೆಯುವುದು ಒಬ್ಬರಿಗಲ್ಲ, ಜಗಲಿಯಲ್ಲಿ ಕುಳಿತ ಇಡೀ ಮನೆಗೆ. ಮೊಮ್ಮಗಳ ಬಾಯಲ್ಲಿ 'ತಾವು ಸುಸ್ತಿದಾರರಾಗಿದ್ದೀರಿ, ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು' ಎಂದು ಬಂದರೆ ಆ ಹಿರಿಯರಿಗೆ ಹೇಗಾಗಬೇಡ? ಸುಸ್ತಿದಾರ, ವಸೂಲಿ, ನೋಟೀಸು, ಅಂತಿಮ ಗಡುವು ಇವು ಬ್ಯಾಂಕಿನ ಸಾಲದ ಮಾತುಗಳು. ನಮ್ಮ ಪತ್ರಕ್ಕೆ ಬೇಡ.

ಇದಕ್ಕೊಂದು ಸರಳ ಉಪಾಯವಿದೆ. ಪತ್ರದಲ್ಲಿ ಮೊತ್ತವನ್ನೇ ಬರೆಯಬಾರದು. ಮೊತ್ತವನ್ನು ಬೇರೆ ಚೀಟಿಯಲ್ಲಿ ಬರೆದು ಮಡಚಿ ಜೊತೆಗಿಡಬೇಕು. ಚೀಟಿಯಲ್ಲಿ ಮೂರೇ ಸಾಲು: ಯಾವ ವರ್ಷ, ಎಷ್ಟು ಬಂದಿದೆ, ಎಷ್ಟು ಉಳಿದಿದೆ. ಪತ್ರ ಎಲ್ಲರ ಕಿವಿಗೆ ಬೀಳಲಿ, ಚೀಟಿ ಅವರ ಕೈಯಲ್ಲೇ ಇರಲಿ. ಎರಡೂ ಮುಚ್ಚಿದ ಲಕೋಟೆಯಲ್ಲಿ ಹೋಗಬೇಕು. ಮದ್ರಸಕ್ಕೆ ಬರುವ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಬಾರದು. ವಾಟ್ಸಾಪ್ ಗುಂಪಿನಲ್ಲಿ ಬಾಕಿ ಪಟ್ಟಿ ಹಾಕುವುದಂತೂ ಬೇಡವೇ ಬೇಡ. 'ಕೊಟ್ಟವರ ಪಟ್ಟಿ' ಹಾಕಿದರೂ ಅದೇ ಆಗುತ್ತದೆ. ಇಲ್ಲದ ಹೆಸರು ಯಾರದ್ದೆಂದು ಊರಿಗೆ ತಿಳಿಯಲು ಒಂದು ಗಂಟೆ ಸಾಕು.

ಪತ್ರದ ಒಂದು ಮಾದರಿ ಓದುತ್ತೇನೆ:

'ಮಾನ್ಯರೇ, ಅಸ್ಸಲಾಮು ಅಲೈಕುಮ್. ತಾವೂ ಮನೆಯವರೂ ಕ್ಷೇಮವೆಂದು ನಂಬಿದ್ದೇವೆ. ಸಂಘದ ಸದಸ್ಯರ ಖಾತೆಗಳನ್ನು ಈ ವರ್ಷ ಹೊಸದಾಗಿ ತಾಳೆ ನೋಡುತ್ತಿದ್ದೇವೆ. ತಮ್ಮ ಖಾತೆಯಲ್ಲಿ ನಮಗೆ ಕಂಡದ್ದನ್ನು ಜೊತೆಯ ಚೀಟಿಯಲ್ಲಿ ಬರೆದಿದ್ದೇವೆ. ತಮ್ಮಲ್ಲಿ ರಶೀದಿ ಇದ್ದು ನಮ್ಮಲ್ಲಿ ಬರೆದಿಲ್ಲವಾದರೆ ದಯವಿಟ್ಟು ತಿಳಿಸಿ, ಸರಿಪಡಿಸುತ್ತೇವೆ. ಸರಿಯಿದ್ದರೆ ಮಾರ್ಚ್ 31ರೊಳಗೆ ಒಂದೇ ಸಲವೋ ಎರಡು ಕಂತಿನಲ್ಲೋ ತಮಗೆ ಅನುಕೂಲವಾದಂತೆ ಕೊಡಬಹುದು. ಈ ವರ್ಷ ಅನುಕೂಲವಿಲ್ಲದಿದ್ದರೆ ಕಾರಣ ಹೇಳಬೇಕಾಗಿಲ್ಲ. ನನಗೊಂದು ಫೋನ್ ಮಾಡಿ "ಈ ವರ್ಷ ಬೇಡ" ಎಂದರೆ ಸಾಕು. ಸಂಘದ ಬಗ್ಗೆ ಹೇಳಬೇಕಾದ್ದು ಏನಿದ್ದರೂ ಅದನ್ನೂ ಹೇಳಿ. ತಮ್ಮ ದುಆದಲ್ಲಿ ನಮ್ಮನ್ನೂ ನೆನೆಯಿರಿ.'

ಇದರಲ್ಲಿ ನಾಲ್ಕು ಬಗೆಯವರಿಗೂ ಒಂದೊಂದು ಬಾಗಿಲು ತೆರೆದಿರುವುದನ್ನು ಗಮನಿಸಿ. 'ಕಾರಣ ಹೇಳಬೇಕಾಗಿಲ್ಲ' ಎಂಬ ಮಾತು ಮುಖ್ಯ. ಕಷ್ಟದಲ್ಲಿರುವವರು ಅರ್ಜಿ ಬರೆಯಬೇಕು ಎಂದರೆ ಯಾರೂ ಬರೆಯುವುದಿಲ್ಲ. ಸುಮ್ಮನೆ ಸಭೆಗೆ ಬರುವುದನ್ನು ಬಿಡುತ್ತಾರೆ.

ಯಾವಾಗ ಕಳಿಸಬೇಕು?

ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಕೈಗೆ ಹಣ ಬರುವ ಕಾಲ ಒಂದಿದೆ. ಅಡಿಕೆ ಕೊಯ್ಲು ನವೆಂಬರ್ ಸುಮಾರಿಗೆ ಶುರು. ಚಾಲಿ ಆಗಬೇಕಾದರೆ ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಒಣಗಬೇಕು. ಆಮೇಲೆ ಕ್ಯಾಂಪ್ಕೋಗೋ ಪೇಟೆಯ ಅಂಗಡಿಗೋ ಹೋಗುತ್ತದೆ. ಕೂಲಿ ಕೆಲಸದವರಿಗೆ ಮಳೆಗಾಲ ಕಷ್ಟ. ಜೂನ್ ಬಂದರೆ ಮಕ್ಕಳ ಶಾಲೆಯ ಖರ್ಚು. ಹಳದಿ ಎಲೆ ರೋಗವೋ ಎಲೆಚುಕ್ಕಿಯೋ ಬಂದ ತೋಟದವರಿಗೆ ಜನವರಿಯೂ ಬರಿಗೈಯೇ. ತೋಟ ಎಷ್ಟು ಎಕ್ರೆ ಎಂದು ನೋಡಿ ಯಾರಿಗೆ ಕೊಡಲು ಆಗುತ್ತದೆ ಎಂದು ಅಳೆಯಬೇಡಿ.

ರಮಝಾನ್ ಪ್ರತಿ ವರ್ಷ ಹತ್ತು, ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2027ರಲ್ಲಿ ಅದು ಫೆಬ್ರವರಿಯಲ್ಲೇ ಬರಲಿದೆ. ರಮಝಾನಿನಲ್ಲಿ ಈ ಪತ್ರ ಬೇಡ. ಆಗ ಎಲ್ಲ ಕಡೆಯಿಂದಲೂ ಕೈ ಚಾಚುವವರಿರುತ್ತಾರೆ. ವಂತಿಗೆಯೂ ಝಕಾತೂ ಬೆರೆತುಹೋಗುವ ಅಪಾಯವೂ ಇದೆ. ಝಕಾತಿನ ಹಕ್ಕುದಾರರು ಯಾರೆಂದು ಸೂರಾ ತೌಬಾದ 60ನೇ ವಚನದಲ್ಲಿ ಎಂಟು ವರ್ಗವಾಗಿ ಹೇಳಿದೆ. ಸಂಘದ ಸದಸ್ಯತ್ವದ ವಂತಿಗೆ ಅದರಲ್ಲಿ ಸೇರುವಂಥದ್ದಲ್ಲ. ಎರಡಕ್ಕೂ ಬೇರೆ ಬೇರೆ ರಶೀದಿ ಪುಸ್ತಕ ಇರಲಿ. ಹಾಗಾಗಿ ಪತ್ರ ಜನವರಿ ಆರಂಭದಲ್ಲಿ ಹೋಗಲಿ. ನೆನಪಿಸುವುದು ಒಂದೇ ಸಲ, ಅದೂ ಪೆರ್ನಾಳ್ ಕಳೆದ ಮೇಲೆ, ಬಾಯಿಮಾತಿನಲ್ಲಿ ಇರಲಿ.

ಮಹಾಸಭೆಯ ಮುಂಚಿನ ವಾರ ಕೂಡ ಪತ್ರಕ್ಕೆ ಒಳ್ಳೆಯ ಸಮಯವಲ್ಲ. ಬಾಕಿ ಇರುವವರಿಗೆ ಮತದ ಹಕ್ಕಿಲ್ಲ ಎಂಬ ನಿಯಮ ಹಲವು ಸಂಘಗಳ ಬೈಲಾದಲ್ಲಿದೆ. 1860ರ ಸೊಸೈಟಿ ನೋಂದಣಿ ಕಾಯಿದೆಯಲ್ಲೇ ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇಟ್ಟವರಿಗೆ ಮತವಿಲ್ಲ ಎಂದಿತ್ತು. ಆದರೆ ಚುನಾವಣೆ ಹತ್ತಿರ ಬಂದಾಗ ಪತ್ರ ಹೋದರೆ 'ನಮ್ಮನ್ನು ಹೊರಗಿಡಲು ಮಾಡಿದ್ದು' ಎಂಬ ಅರ್ಥ ಬರುತ್ತದೆ. ಎರಡು ತಿಂಗಳ ಅಂತರವಾದರೂ ಇರಲಿ.

ಗಲ್ಫಿನಲ್ಲಿರುವ ಸದಸ್ಯರ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಕಾಯಿದೆಯಡಿ ಬರುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರು ನಮ್ಮ ಊರಿನವರೇ ಆದರೂ, ಬರುತ್ತದೆ. ಆ ಕಾಯಿದೆಯ ಅನುಮತಿ ಇಲ್ಲದ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ. ಯಾರು ಯಾವ ಪಾಸ್‌ಪೋರ್ಟಿನವರು ಎಂದು ಖಾತೆಯಲ್ಲಿ ಬರೆದಿಟ್ಟುಕೊಂಡ ಮೇಲೆಯೇ ಅವರಿಗೆ ಪತ್ರ ಹೋಗಲಿ.

ಮನ್ನಾ ಮಾಡುವವರು ಯಾರು?

ಫೋನ್ ಬಂತು, 'ಈ ವರ್ಷ ಬೇಡ' ಎಂದರು. ಮುಂದೇನು? ಸೂರಾ ಬಖರದ 280ನೇ ವಚನ ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಲು ಹೇಳುತ್ತದೆ. ಬಿಟ್ಟುಬಿಡುವುದು ಇನ್ನೂ ಉತ್ತಮವೆನ್ನುತ್ತದೆ. ಎರಡೇ ವಚನ ದಾಟಿದರೆ 282ರಲ್ಲಿ ಕೊಡುಕೊಳ್ಳುವುದನ್ನು ಬರೆದಿಡಬೇಕೆಂಬ ಆದೇಶ. ಕರುಣೆಯೂ ಲೆಕ್ಕವೂ ಅಕ್ಕಪಕ್ಕದಲ್ಲೇ ಇವೆ.

ಆದರೆ ಬಿಟ್ಟುಬಿಡುವ ಹಕ್ಕು ಹಣದ ಒಡೆಯನಿಗೆ. ಕೋಶಾಧಿಕಾರಿ ಒಡೆಯನಲ್ಲ, ಅದು ಅವನ ಕೈಯಲ್ಲಿರುವ ಅಮಾನತು. ಅವನು ಫೋನಿನಲ್ಲೇ 'ಆಯಿತು ಹಾಜಿಯವರೇ, ಬಿಟ್ಟೆ' ಎನ್ನುವಂತಿಲ್ಲ. 'ಆಯಿತು, ಯಾರೂ ನಿಮ್ಮ ಹತ್ತಿರ ಕೇಳಲು ಬರುವುದಿಲ್ಲ' ಎನ್ನಬಹುದು. ಬೈಲಾ ಅವಕಾಶ ಕೊಟ್ಟರೆ ಕಾರ್ಯಕಾರಿ ಸಮಿತಿ ಮನ್ನಾ ಮಾಡಲಿ. ನಿರ್ಣಯದಲ್ಲಿ ಹೆಸರು ಬೇಡ, ಸದಸ್ಯ ಸಂಖ್ಯೆ ಸಾಕು; ಹೆಸರಿನ ಪಟ್ಟಿ ಅಧ್ಯಕ್ಷರು, ಕೋಶಾಧಿಕಾರಿ, ಲೆಕ್ಕ ಪರಿಶೋಧಕರು ಈ ಮೂವರಲ್ಲೇ ಇರಲಿ. ಯಾರೋ ಅನುಕೂಲಸ್ಥರು ಅವರ ಪರವಾಗಿ ಕಟ್ಟಿದರೆ ವೇದಿಕೆಯಲ್ಲಿ ಹೇಳಬಾರದು. ಕೊಟ್ಟದ್ದನ್ನು ಎತ್ತಿ ಆಡಿದರೆ ದಾನವೇ ವ್ಯರ್ಥವೆಂದು ಅದೇ ಸೂರಾದ 264ನೇ ವಚನ ಎಚ್ಚರಿಸುತ್ತದೆ.

ಹಳೆಯ ಬಾಕಿ ಈಗ ಬಂದರೆ ಈಗಿನ ದಿನಾಂಕದಲ್ಲೇ ರಶೀದಿ ಹರಿಯಬೇಕು, ಯಾವ ವರ್ಷದ್ದೆಂದು ಅದರಲ್ಲಿ ಬರೆಯಬೇಕು. ಹಿಂದಿನ ದಿನಾಂಕ ಹಾಕಿದರೆ ಪರಿಶೋಧನೆಯಾದ ಲೆಕ್ಕವೇ ತಪ್ಪಾಗುತ್ತದೆ.

ಕೊನೆಯದಾಗಿ, ವಿದ್ಯಾರ್ಥಿಗಳೇ, ಚೀಟಿ ಬರೆಯುವ, ಅಡಿಪ್ರತಿ ತಾಳೆ ನೋಡುವ ಕೆಲಸಕ್ಕೆ ನಿಮ್ಮನ್ನು ಕರೆಯುತ್ತಾರೆ. ಅಲ್ಲಿ ನಿಮ್ಮ ಗೆಳೆಯನ ತಂದೆಯ ಹೆಸರು ಕಾಣಬಹುದು. ನೋಡಿದ್ದನ್ನು ಅಲ್ಲೇ ಬಿಟ್ಟು ಬರಬೇಕು. ತಂದೆಯ ವಂತಿಗೆ ಬಾಕಿ ಇದೆಯೆಂದು ಮಗುವಿನ ವಿದ್ಯಾರ್ಥಿವೇತನದ ಅರ್ಜಿಯನ್ನು ಬದಿಗಿಡಲೂ ಬಾರದು. ಎರಡು ಕಡತವನ್ನು ಒಂದೇ ಮೇಜಿನ ಮೇಲೆ ಇಡದಿದ್ದರೆ ಒಳ್ಳೆಯದು.

ಅಲ್ಲಾಹನು ನಮ್ಮ ಲೆಕ್ಕವನ್ನು ಸುಲಭಗೊಳಿಸಲಿ. ಆಮೀನ್. ವಸ್ಸಲಾಮ್.